ಮ್ಯಾಗ್ನೆಟ್ ಇಲ್ಲದ ಮೋಟರ್ ಓಡಿಸುವುದು ಹೇಗೆ? ಕರೆಂಟ್ ನಿಲ್ಲಿಸುವ ಹೊತ್ತು ನೋಡಿ

2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಅಪರೂಪದ ಲೋಹಗಳು ಮತ್ತು ಅವುಗಳ ಮ್ಯಾಗ್ನೆಟ್‌ಗಳ ರಫ್ತಿಗೆ ಕಡಿವಾಣ ಹಾಕಿತು. ಆಗ ನಮ್ಮ ದೇಶದ ವಾಹನ ತಯಾರಕರಿಗೂ ಬಿಸಿ ತಟ್ಟಿತು. ಮ್ಯಾಗ್ನೆಟ್ಟೇ ಬೇಡದ ಸ್ವಿಚ್ಡ್ ರಿಲಕ್ಟೆನ್ಸ್ ಮೋಟರ್ ಮತ್ತೆ ಮಾತಿಗೆ ಬಂತು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಪ್ರಾಜೆಕ್ಟ್ ಆಗಿ ಮಾಡುವುದನ್ನು ನಾನು ನೋಡುತ್ತಿರುತ್ತೇನೆ. ಮೋಟರ್ ತಿರುಗುತ್ತದೆ, ಆದರೆ ಗುರುಗುಡುತ್ತದೆ, ಬಿಸಿಯಾಗುತ್ತದೆ, ಲೋಡ್ ಹಾಕಿದರೆ ಸೋತುಬಿಡುತ್ತದೆ. ಬಹುತೇಕ ಸಲ ತಪ್ಪು ಒಂದೇ ಕಡೆ ಇರುತ್ತದೆ. ಕರೆಂಟ್ ಯಾವಾಗ ಕೊಡಬೇಕು ಅಂತ ಎಲ್ಲರೂ ಯೋಚಿಸುತ್ತಾರೆ, ಯಾವಾಗ ನಿಲ್ಲಿಸಬೇಕು ಅಂತ ಯೋಚಿಸುವುದಿಲ್ಲ.

ಮೊದಲು, ಅದು ತಿರುಗುವುದು ಹೇಗೆ?

ಸಾಮಾನ್ಯವಾದ 6/4 ಮೋಟರ್ ತೆಗೆದುಕೊಳ್ಳಿ. ಹೊರಗಿನ ಸ್ಟೇಟರ್‌ನಲ್ಲಿ 6 ಹಲ್ಲು, ಪ್ರತಿಯೊಂದಕ್ಕೂ ಒಂದು ಕಾಯಿಲ್. ಎದುರುಬದುರಿನ ಎರಡು ಕಾಯಿಲ್ ಸೇರಿ ಒಂದು ಫೇಸ್, ಒಟ್ಟು ಮೂರು ಫೇಸ್. ಒಳಗಿನ ರೋಟರ್‌ನಲ್ಲಿ 4 ಹಲ್ಲು. ಅದು ಬರೀ ಉಕ್ಕಿನ ತಗಡುಗಳ ಜೋಡಣೆ, ತಂತಿಯೂ ಇಲ್ಲ, ಮ್ಯಾಗ್ನೆಟ್ಟೂ ಇಲ್ಲ.

ಒಂದು ಫೇಸ್‌ಗೆ ಕರೆಂಟ್ ಕೊಟ್ಟಾಗ ಹತ್ತಿರದ ರೋಟರ್ ಹಲ್ಲು ಸ್ಟೇಟರ್ ಹಲ್ಲಿನ ಎದುರಿಗೆ ಬರಲು ಎಳೆಯುತ್ತದೆ. ಎದುರಿಗೆ ಬಂದರೆ ಕಾಂತೀಯ ಹರಿವಿಗೆ ಗಾಳಿಯ ದಾರಿ ಕಡಿಮೆ, ಕಬ್ಬಿಣದ ದಾರಿ ಜಾಸ್ತಿ. ಆಗ ಕಾಯಿಲ್‌ನ ಇಂಡಕ್ಟೆನ್ಸ್ ಏರುತ್ತದೆ. ಕಬ್ಬಿಣದಲ್ಲಿ ಕಾಂತೀಯ ಹರಿವು ತುಂಬಿಹೋಗದಷ್ಟು ಕರೆಂಟ್ ಇರುವಾಗ ಟಾರ್ಕ್ ಲೆಕ್ಕ ಇಷ್ಟೇ:

T = ½ i² dL/dθ

ಇದರಲ್ಲಿ ಎರಡು ವಿಷಯ ಗಮನಿಸಿ. ಕರೆಂಟ್ ವರ್ಗವಾಗಿರುವುದರಿಂದ ಅದು ಯಾವ ದಿಕ್ಕಿಗೆ ಹರಿದರೂ ಟಾರ್ಕ್ ಬದಲಾಗುವುದಿಲ್ಲ. ದಿಕ್ಕು ನಿರ್ಧರಿಸುವುದು ಇಂಡಕ್ಟೆನ್ಸ್. ಅದು ಏರುವಾಗ ಕರೆಂಟ್ ಇದ್ದರೆ ಮೋಟರ್ ಓಡುತ್ತದೆ, ಇಳಿಯುವಾಗ ಇದ್ದರೆ ಅದೇ ಮೋಟರ್‌ಗೆ ಬ್ರೇಕ್ ಬೀಳುತ್ತದೆ.

ಎದುರಾಗುವ ಜಾಗ ಗುರುತಿಸಿ

ಒಂದು ಫೇಸ್‌ಗೆ ಕಡಿಮೆ ಡಿ.ಸಿ. ಕೊಡಿ, ರೋಟರ್ ತಾನೇ ಹೋಗಿ ನಿಲ್ಲುತ್ತದೆ. ಎನ್‌ಕೋಡರ್‌ನಲ್ಲಿ ಅದನ್ನು 45 ಡಿಗ್ರಿ ಎಂದು ಬರೆದುಕೊಳ್ಳಿ. ಅಲ್ಲಿಂದ 45 ಡಿಗ್ರಿ ಹಿಂದೆ, ರೋಟರ್‌ನ ಎರಡು ಹಲ್ಲುಗಳ ನಡುವೆ ಸ್ಟೇಟರ್ ಹಲ್ಲು ಬರುವ ಜಾಗವೇ ಸೊನ್ನೆ.

ಇಂಡಕ್ಟೆನ್ಸ್ ಅಳೆಯಿರಿ

ಕೈಯಲ್ಲಿ ಹಿಡಿಯುವ ಅಗ್ಗದ ಎಲ್‌ಸಿಆರ್ ಮೀಟರ್ ಇಲ್ಲಿ ಬೇಡ. ಅದು ತೀರಾ ಸಣ್ಣ ಕರೆಂಟ್‌ನಲ್ಲಿ ಅಳೆಯುತ್ತದೆ. ನಿಮ್ಮ ಮೋಟರ್ 10 ಆಂಪಿಯರ್‌ನಲ್ಲಿ ಓಡುವಾಗ, ಹಲ್ಲುಗಳು ಎದುರಾಗುವ ಕಡೆ ಕಬ್ಬಿಣ ತುಂಬಿ ಇಂಡಕ್ಟೆನ್ಸ್ ಇಳಿದಿರುತ್ತದೆ. ರೋಟರನ್ನು ಭದ್ರವಾಗಿ ಬಿಗಿದು 30 ವೋಲ್ಟ್ ಪಲ್ಸ್ ಕೊಡಿ. ಕರೆಂಟ್ 10 ಆಂಪಿಯರ್‌ಗೆ ಏರಲು ಎಷ್ಟು ಹೊತ್ತು ಬೇಕು ಅಂತ ಆಸಿಲೋಸ್ಕೋಪ್‌ನಲ್ಲಿ ನೋಡಿ. 8 ಮಿಲಿಸೆಕೆಂಡ್ ಆದರೆ ಸುಮಾರು 24 ಮಿಲಿಹೆನ್ರಿ. ಪ್ರತಿ 5 ಡಿಗ್ರಿಗೆ ಹೀಗೆ ಅಳೆದು ಪಟ್ಟಿ ಮಾಡಿ.

ಡ್ರೈವರ್ ಕಟ್ಟಿ

ಅಂಗಡಿಯಲ್ಲಿ ಸಿಗುವ ಬಿಎಲ್‌ಡಿಸಿ ಕಂಟ್ರೋಲರ್ ತಂದು ಜೋಡಿಸಬೇಡಿ, ಈ ಮೋಟರ್‌ಗೆ ಅದು ಹೊಂದುವುದಿಲ್ಲ. ಪ್ರತಿ ಫೇಸ್‌ಗೆ ಎರಡು ಸ್ವಿಚ್, ಎರಡು ಡಯೋಡ್ ಇರುವ ಸರ್ಕ್ಯೂಟ್ ಬೇಕು. ಒಂದು ಸ್ವಿಚ್ ಕಾಯಿಲ್‌ನ ಮೇಲೆ, ಇನ್ನೊಂದು ಕೆಳಗೆ. ಡಯೋಡ್ ವೇಗದ್ದಾಗಿರಲಿ. ಉಳಿಕೆಯ 1N4007 ಹಾಕಿದರೆ ಅದೂ ಸುಡುತ್ತದೆ, ಸ್ವಿಚ್ಚನ್ನೂ ಸುಡುತ್ತದೆ.

ಕರೆಂಟ್ ನಿಲ್ಲಿಸುವುದು: ಎಡವುವುದು ಇಲ್ಲೇ

ಕಾಯಿಲ್‌ನಲ್ಲಿ ಶಕ್ತಿ ತುಂಬಿರುತ್ತದೆ. ಹಾಗಾಗಿ ಸ್ವಿಚ್ ಆಫ್ ಆದ ಕೂಡಲೇ ಕರೆಂಟ್ ಸೊನ್ನೆ ಆಗುವುದಿಲ್ಲ. ಎರಡೂ ಸ್ವಿಚ್ ಆಫ್ ಮಾಡಿದರೆ ಡಯೋಡ್‌ಗಳ ಮೂಲಕ ಪೂರ್ತಿ ವೋಲ್ಟೇಜ್ ಉಲ್ಟಾ ಬೀಳುತ್ತದೆ. ಶಕ್ತಿ ಸಪ್ಲೈನ ಕೆಪಾಸಿಟರ್‌ಗೆ ಮರಳಿ, ಕರೆಂಟ್ ಬೇಗ ಇಳಿಯುತ್ತದೆ. ಒಂದನ್ನೇ ಆಫ್ ಮಾಡಿದರೆ ಕರೆಂಟ್ ಸುಮ್ನೆ ಒಳಗೇ ಸುತ್ತುತ್ತಿರುತ್ತದೆ. ಮುಂದಿನ ಫೇಸ್ ಎಳೆಯುವಾಗ ಹಳೇ ಫೇಸ್ ಹಿಂದಕ್ಕೆ ಜಗ್ಗುತ್ತದೆ.

ಲೆಕ್ಕ ಮಾಡಿಯೇ ನೋಡೋಣ. 300 ವೋಲ್ಟ್, 10 ಆಂಪಿಯರ್, ನಿಮಿಷಕ್ಕೆ 3000 ಸುತ್ತು. ಇಂಡಕ್ಟೆನ್ಸ್ 14 ಡಿಗ್ರಿವರೆಗೆ 5 ಮಿಲಿಹೆನ್ರಿ. ಅಲ್ಲಿಂದ ನೇರವಾಗಿ ಏರಿ 44 ಡಿಗ್ರಿಯಲ್ಲಿ 40 ಆಗುತ್ತದೆ ಎಂದುಕೊಳ್ಳಿ. ಈ ವೇಗದಲ್ಲಿ ರೋಟರ್ ಸೆಕೆಂಡಿಗೆ 18,000 ಡಿಗ್ರಿ ಸುತ್ತುತ್ತದೆ.

ಕರೆಂಟ್ ಏರಿಸುವುದು ಸುಲಭ. 5 ಮಿಲಿಹೆನ್ರಿಯಲ್ಲಿ 10 ಆಂಪಿಯರ್‌ಗೆ ಬರಲು 0.17 ಮಿಲಿಸೆಕೆಂಡ್, ಅಂದರೆ 3 ಡಿಗ್ರಿ ಸಾಕು. 11 ಡಿಗ್ರಿಯಲ್ಲಿ ಆನ್ ಮಾಡಿದರೆ ಹಲ್ಲು ಸೇರುವ ಹೊತ್ತಿಗೆ ಕರೆಂಟ್ ರೆಡಿ.

ಇಳಿಸುವುದು ಬೇರೆಯೇ ಕಥೆ, ಏಕೆಂದರೆ ಅಷ್ಟರಲ್ಲಿ ಇಂಡಕ್ಟೆನ್ಸ್ ದೊಡ್ಡದಾಗಿರುತ್ತದೆ. ಆಫ್ ಮಾಡಿದ ಕ್ಷಣದ ಇಂಡಕ್ಟೆನ್ಸನ್ನು ಕರೆಂಟ್‌ನಿಂದ ಗುಣಿಸಿ, 300 ವೋಲ್ಟ್‌ನಿಂದ ಭಾಗಿಸಿ. ಅದೇ ಇಳಿಯಲು ಬೇಕಾದ ಹೊತ್ತು. ಈ ವೇಗದಲ್ಲಿ ಪ್ರತಿ ಮಿಲಿಹೆನ್ರಿಗೆ 0.6 ಡಿಗ್ರಿ ಬೇಕಾಗುತ್ತದೆ. 45 ಡಿಗ್ರಿಗೆ ಸೊನ್ನೆ ಆಗಬೇಕು ಅಂದರೆ ಸುಮಾರು 30.5 ಡಿಗ್ರಿಯಲ್ಲೇ ಆಫ್ ಮಾಡಬೇಕು. ಅಲ್ಲಿ ಇಂಡಕ್ಟೆನ್ಸ್ 24 ಮಿಲಿಹೆನ್ರಿ, ಇಳಿಯಲು 14.5 ಡಿಗ್ರಿ. ಹಲ್ಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೇರಿದಾಗಲೇ ಕೈ ಬಿಡಬೇಕು!

ವೇಗ 1500ಕ್ಕೆ ಇಳಿದರೆ ಅದೇ ಲೆಕ್ಕ ಸುಮಾರು 36 ಡಿಗ್ರಿ ಕೊಡುತ್ತದೆ. ಅಂದರೆ ಒಂದೇ ಕೋನವನ್ನು ಕೋಡ್‌ನಲ್ಲಿ ಬರೆದು ಬಿಡುವಂತಿಲ್ಲ, ವೇಗದ ಜೊತೆ ಅದು ಹಿಂದೆ ಸರಿಯಬೇಕು. ಕಡಿಮೆ ವೇಗದಲ್ಲಿ ಚೆನ್ನಾಗಿ ಓಡಿ, ಮೇಲೆ ಹೋದಂತೆ ಗುರುಗುಟ್ಟುವ ಮೋಟರ್‌ಗಳ ಕಾಯಿಲೆ ಬಹುಪಾಲು ಇದೇ.

ತಪ್ಪಾಗಿದೆಯೇ ಅಂತ ತಿಳಿಯಲು ಕರೆಂಟ್ ಪ್ರೋಬ್ ಹಾಕಿ. ಒಂದು ಚಾನೆಲ್‌ನಲ್ಲಿ ಕರೆಂಟ್, ಇನ್ನೊಂದರಲ್ಲಿ ಎನ್‌ಕೋಡರ್‌ನ 45 ಡಿಗ್ರಿ ಗುರುತು. ಕರೆಂಟ್‌ನ ಬಾಲ ಗುರುತು ದಾಟಿ ದಪ್ಪಗೆ ಉಳಿದಿದ್ದರೆ ಆಫ್ ತಡವಾಗಿದೆ. ತೆಳ್ಳಗೆ ಒಂದೆರಡು ಡಿಗ್ರಿ ದಾಟಿದರೆ ಪರವಾಗಿಲ್ಲ, ಅಲ್ಲಿ ಇಂಡಕ್ಟೆನ್ಸ್ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಪ್ರೋಬ್ ಇಲ್ಲದೆ ಕಿವಿಯಿಂದ ಹೊಂದಿಸಲು ಹೋಗಬೇಡಿ.

ಎಲ್ಲ ಸರಿ ಮಾಡಿದರೂ ಉಳಿಯುವ ತೊಂದರೆ

ಒಂದು ಫೇಸ್ ಬಿಟ್ಟು ಇನ್ನೊಂದು ಹಿಡಿಯುವ ಕಡೆ ಟಾರ್ಕ್ ತಗ್ಗುತ್ತದೆ, ಕಡಿಮೆ ವೇಗದಲ್ಲಿ ಆ ಜರ್ಕ್ ಕೈಗೇ ಗೊತ್ತಾಗುತ್ತದೆ. ಗಾಳಿಯ ಅಂತರ ತೀರಾ ಸಣ್ಣದಿರಬೇಕಾದ್ದರಿಂದ ಬೇರಿಂಗ್ ಸವೆದರೆ ಬೇಗ ತೊಂದರೆ. ರೋಟರ್ ಎಲ್ಲಿದೆ ಎಂಬುದು ಪ್ರತಿ ಕ್ಷಣ ಗೊತ್ತಿರಬೇಕು, ಸೆನ್ಸರ್ ಒಂದು ಡಿಗ್ರಿ ಸರಿದರೂ ಮೇಲಿನ ಲೆಕ್ಕವೆಲ್ಲ ಸರಿಯುತ್ತದೆ.

ಎಲ್ಲಕ್ಕಿಂತ ದೊಡ್ಡದು ಸದ್ದು. ಹಲ್ಲುಗಳು ಸುತ್ತಲಿಗೆ ಮಾತ್ರ ಎಳೆಯುವುದಿಲ್ಲ, ಒಳಕ್ಕೂ ಜಗ್ಗುತ್ತವೆ. 6/4ರಲ್ಲಿ ಎರಡು ಎದುರುಬದುರು ಹಲ್ಲು ಒಟ್ಟಿಗೆ ಜಗ್ಗಿ ಸ್ಟೇಟರನ್ನು ಮೊಟ್ಟೆಯಾಕಾರಕ್ಕೆ ಒತ್ತುತ್ತವೆ. ಆಫ್ ಮಾಡಿದಾಗ ಅದು ತಟ್ಟನೆ ಬಿಟ್ಟು ನಡುಗುತ್ತದೆ. ಹೊಸದಾಗಿ ಕೊಳ್ಳುವವರಿಗೆ ನಾನು 12/8 ಅನ್ನೇ ಹೇಳುತ್ತೇನೆ. ಅಲ್ಲಿ ನಾಲ್ಕು ಕಡೆಯಿಂದ ಜಗ್ಗುವುದರಿಂದ ಸ್ಟೇಟರ್ ಅಷ್ಟು ಬಾಗುವುದಿಲ್ಲ.

ಇರುವುದು 6/4 ಆದರೆ ಎರಡು ಹಂತದಲ್ಲಿ ಆಫ್ ಮಾಡಿ. ಮೊದಲು ಒಂದು ಸ್ವಿಚ್, ಸ್ವಲ್ಪ ಹೊತ್ತಿನ ಮೇಲೆ ಎರಡನೆಯದು. ನಡುವಿನ ಹೊತ್ತು ಸ್ಟೇಟರ್‌ನ ಒಂದು ನಡುಕದ ಅರ್ಧ ಇರಬೇಕು. ಆಗ ಎರಡನೇ ನಡುಕ ಮೊದಲನೆಯದನ್ನು ತಗ್ಗಿಸುತ್ತದೆ. ಸ್ಟೇಟರ್ ಸೆಕೆಂಡಿಗೆ 2500 ಸಲ ನಡುಗುವಂಥದ್ದಾದರೆ ಆ ಅಂತರ 0.2 ಮಿಲಿಸೆಕೆಂಡ್, ಅಂದರೆ 3000 ಸುತ್ತಿನಲ್ಲಿ 3.6 ಡಿಗ್ರಿ. ಅಷ್ಟು ಹೊತ್ತು ಕರೆಂಟ್ ಒಳಗೇ ಸುತ್ತುವುದರಿಂದ ಆಫ್ ಇನ್ನೂ ಬೇಗ ಶುರುವಾಗಬೇಕು. ನಮ್ಮ 30.5 ಡಿಗ್ರಿ ಸುಮಾರು 28.4ಕ್ಕೆ ಸರಿಯುತ್ತದೆ, ಟಾರ್ಕ್ ಸ್ವಲ್ಪ ಕಡಿಮೆಯಾಗುತ್ತದೆ.