ತಾಳಮದ್ದಳೆಯ ಪೋಸ್ಟ್‌ನಲ್ಲಿ ಕೊನೆಗೆ ಉಳಿದ ಆರು ಹೆಸರು

ಪುತ್ತೂರಿನ ಹತ್ತಿರದ ನಮ್ಮೂರಲ್ಲಿ ಒಂದು ಸಣ್ಣ ಯಕ್ಷಗಾನ ಸಂಘ ಇದೆ. ವರ್ಷಕ್ಕೆ ಒಂದೆರಡು ತಾಳಮದ್ದಳೆ ಮಾಡುತ್ತೇವೆ. ಕಾರ್ಯದರ್ಶಿಗಳು ಫೇಸ್‌ಬುಕ್‌ನಲ್ಲಿ ಹಾಕುವ ಮೊದಲು ಪೋಸ್ಟ್ ನನಗೆ ಕಳಿಸುತ್ತಾರೆ, "ಸ್ವಲ್ಪ ನೋಡಿ ಮಾರಾಯ್ರೆ" ಅಂತ. ಕಳೆದ ಸಲ ಬಂದದ್ದು ಹೀಗೆ ಶುರುವಾಗುತ್ತಿತ್ತು: "ಕಲಾಭಿಮಾನಿಗಳಿಗೆಲ್ಲ ಆದರದ ಸ್ವಾಗತ", ಅದರ ಬೆನ್ನಿಗೆ `@highlight @followers @everyone`, ಆಮೇಲೆ ಟ್ಯಾಗ್ ಮಾಡಿದ ಇಪ್ಪತ್ತಕ್ಕೂ ಜಾಸ್ತಿ ನೀಲಿ ಹೆಸರುಗಳು. ಕಲಾವಿದರು, ಸಮಿತಿಯವರು, ದಾನಿಗಳು, ಎರಡು ಪಕ್ಷದ ಮುಖಂಡರು, ಬೆಂಗಳೂರಲ್ಲಿರುವ ನಾಲ್ಕು ನೆಂಟರು. ಕೊನೆಗೆ `#yakshagana #karnataka #india #viral #trending #love`. ಯಾವ ಪ್ರಸಂಗ, ಎಷ್ಟು ಗಂಟೆಗೆ ಅನ್ನೋದು ಎಲ್ಲಿತ್ತು ಅಂದರೆ, "ಇನ್ನಷ್ಟು ನೋಡಿ" ಒತ್ತಿದ ಮೇಲೂ ಕೆಳಗೆ ಸರಿಸಬೇಕಿತ್ತು.

ನಾನು ಮೊದಲು ಮಾಡುವ ಕೆಲಸ, ಹೆಸರುಗಳನ್ನೆಲ್ಲ ಫೋನಿನ ನೋಟ್ಸ್‌ಗೆ ಒಂದರ ಕೆಳಗೊಂದು ಹಾಕುವುದು. ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ: ಓದುವವರು ಈ ಹೆಸರು ಒತ್ತಿದರೆ ಅವರಿಗೆ ಏನು ಸಿಗುತ್ತದೆ? ಭಾಗವತರ ಹೆಸರು ಒತ್ತಿದರೆ ಅವರ ಹಾಡಿನ ವೀಡಿಯೊ ಸಿಗುತ್ತದೆ, ಮುಂದಿನ ಕಾರ್ಯಕ್ರಮ ಎಲ್ಲಿ ಅಂತ ಗೊತ್ತಾಗುತ್ತದೆ. ಪಾತ್ರಗಳ ಮಾತು ಆಡುವ ಅರ್ಥಧಾರಿಗಳದ್ದೂ ಹಾಗೇ. ತಾಳಮದ್ದಳೆಗೆ ಜನ ಬರುವುದೇ ಯಾರ ಅರ್ಥ ಅಂತ ನೋಡಿಕೊಂಡು, ವೇಷ ಕುಣಿತ ಇಲ್ಲ ಅಲ್ವಾ. ಊಟಕ್ಕೆ ಅಕ್ಕಿ ಕೊಟ್ಟವರ ಹೆಸರು ಒತ್ತಿದರೆ ಸಿಗುವುದು ಅವರ ಮಗಳ ಮದುವೆ ಫೋಟೊ. ಅವರ ಉಪಕಾರ ಸಣ್ಣದಲ್ಲ. ಆದರೆ ಅದಕ್ಕೆ ಲಿಂಕ್ ಬೇಡ, ಹೆಸರು ಸಾಕು.

ಈ ವ್ಯತ್ಯಾಸ ಕಾರ್ಯದರ್ಶಿಗಳಿಗೆ ಹೇಳಿದಾಗ ಅವರ ಅರ್ಧ ಚಿಂತೆ ಇಳಿಯಿತು. ಟ್ಯಾಗ್ ತೆಗೆಯುವುದು ಅಂದರೆ ಹೆಸರು ತೆಗೆಯುವುದು ಅಂದುಕೊಂಡಿದ್ದರು. ನಮ್ಮ ಕಡೆ ಹೆಸರು ಬಿಟ್ಟು ಹೋದರೆ ಬೇಸರ ವರ್ಷಗಟ್ಟಲೆ ಉಳಿಯುತ್ತದೆ, ಅದು ನಿಜ. ಅದಕ್ಕೇ ದಾನಿಗಳ ಹೆಸರು ಕಪ್ಪು ಅಕ್ಷರದಲ್ಲಿ ಕೊನೆಯ ಸಾಲಿಗೆ ಹೋಯಿತು. ಸಮಿತಿಯವರದ್ದು "ಸಂಘದ ಸರ್ವ ಸದಸ್ಯರು" ಅಂತ ಒಂದಾಯಿತು. ಮುಖಂಡರು ಅತಿಥಿಗಳಾಗಿ ಬರುವವರಲ್ಲ, ಸುಮ್ನೆ ಕಾಣಲಿ ಅಂತ ಹಾಕಿದ್ದು. ಅವರನ್ನು ಪೂರ್ತಿ ಬಿಟ್ಟೆವು.

ಬೆಂಗಳೂರಿನ ನೆಂಟರನ್ನು ಟ್ಯಾಗ್ ಮಾಡಿದ್ದಕ್ಕೆ ಕಾರಣ ಬೇರೆ, ಅವರು ಶೇರ್ ಮಾಡಲಿ ಅಂತ. ಟ್ಯಾಗ್ ಮಾಡಿದರೆ ಅವರ ಸ್ನೇಹಿತರಿಗೂ ಪೋಸ್ಟ್ ಕಾಣಬಹುದು, ಲೆಕ್ಕ ಪೂರ್ತಿ ತಪ್ಪಲ್ಲ. ಆದರೆ ತುಂಬಾ ಜನ ಟ್ಯಾಗ್ ಪರಿಶೀಲನೆ ಆನ್ ಮಾಡಿಟ್ಟಿರುತ್ತಾರೆ. ಅವರು ಒಪ್ಪಿಗೆ ಕೊಡುವವರೆಗೆ ಪೋಸ್ಟ್ ಅವರ ಪ್ರೊಫೈಲ್‌ಗೆ ಹೋಗುವುದಿಲ್ಲ. ಅಂಥವರಿಗೆ ಒಂದು ಫೋನ್ ಅಥವಾ ವಾಟ್ಸಾಪ್ ಮಾಡಿ "ಇದನ್ನೊಂದು ಶೇರ್ ಮಾಡಿ ಅಣ್ಣ" ಅಂದರೆ ಕೆಲಸ ಆಗುತ್ತದೆ.

`@highlight`, `@followers` ಎರಡನ್ನೂ ನಾನು ಕೇಳದೆ ಅಳಿಸುತ್ತೇನೆ. ಹಬ್ಬದ ಶುಭಾಶಯಕ್ಕೂ ಮೀನಿನ ಸಾರಿಗೂ ಜನ ಇವನ್ನೇ ಅಂಟಿಸಿ ಅಂಟಿಸಿ, ಈಗ ಅದು ಕಂಡ ಕೂಡಲೇ ಕಣ್ಣು ಮುಂದಕ್ಕೆ ಓಡುತ್ತದೆ. `@everyone` ಗ್ರೂಪ್‌ನ ಎಲ್ಲರಿಗೂ ಸುದ್ದಿ ಮುಟ್ಟಿಸಲು ಅಡ್ಮಿನ್‌ಗಳಿಗೆ ಇರುವ ಸೌಲಭ್ಯ, ಅದನ್ನು ಮಳೆ ಬಂದು ಜಾಗ ಬದಲಾದ ದಿನಕ್ಕೆ ಇಟ್ಟುಕೊಳ್ಳಿ ಅಂದೆ.

ಉಳಿದ ಹೆಸರುಗಳಲ್ಲಿ ಇನ್ನೊಂದು ತಪಾಸಣೆ ಬೇಕು: ಟ್ಯಾಗ್ ಆದದ್ದು ಅದೇ ವ್ಯಕ್ತಿಯೇ? ಕರಾವಳಿಯಲ್ಲಿ ಒಂದೇ ಹೆಸರಿಗೆ ಹತ್ತು ಭಟ್ಟರು, ಹತ್ತು ಶೆಟ್ಟರು ಸಿಗುತ್ತಾರೆ. ಅದೂ ಅಲ್ಲದೆ ಹೆಸರಾದ ಕಲಾವಿದರಿಗೆ ಎರಡು ಖಾತೆ ಇರುತ್ತದೆ. ಫೇಸ್‌ಬುಕ್‌ನಲ್ಲಿ ಸ್ನೇಹಿತರ ಮಿತಿ 5000. ಅದು ತುಂಬಿದ ಮೇಲೆ ಇನ್ನೊಂದು ಖಾತೆ ಅಥವಾ ಪೇಜ್ ಮಾಡಿಕೊಂಡಿರುತ್ತಾರೆ, ಹಳೆಯದು ಹಾಗೇ ಬಿದ್ದಿರುತ್ತದೆ. ನಮ್ಮ ಭಾಗವತರ ಹಳೇ ಖಾತೆಗೆ ಟ್ಯಾಗ್ ಹೋಗಿತ್ತು. ಕೊನೆಯ ಪೋಸ್ಟ್‌ನ ತಾರೀಕು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಚೆಂಡೆಯವರ ಖಾತೆಯೇ ಇರಲಿಲ್ಲ. ಅವರ ಹೆಸರು ಮದ್ದಳೆಯವರ ಪಕ್ಕದಲ್ಲೇ ಬಂತು, ಬರೀ ಅಕ್ಷರದಲ್ಲಿ.

ಹ್ಯಾಶ್‌ಟ್ಯಾಗ್ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಬೇರೆಯೇ ಒಂದು ತೊಡಕಿದೆ. ಕರಡಿನಲ್ಲಿ "ಬನ್ನಿ #ತಾಳಮದ್ದಳೆಗೆ, #ಪುತ್ತೂರಿನಲ್ಲಿ" ಅಂತ ವಾಕ್ಯದ ನಡುವೆಯೇ ಹ್ಯಾಶ್ ಇತ್ತು. ನಮಗೆ ಅದು ಒಂದೇ ಪದ, ಆದರೆ #ತಾಳಮದ್ದಳೆಗೆ ಒತ್ತಿದವರು #ತಾಳಮದ್ದಳೆ ಅನ್ನುವ ಪೋಸ್ಟ್‌ಗಳಿರುವ ಕಡೆ ಹೋಗುವುದಿಲ್ಲ. ವಿಭಕ್ತಿ ಸೇರಿದರೆ ಅದು ಬೇರೆಯೇ ಟ್ಯಾಗ್. ಹಾಗಾಗಿ ವಾಕ್ಯದೊಳಗೆ ಹ್ಯಾಶ್ ಹಾಕಬೇಡಿ, ಮೂಲ ಪದವನ್ನು ಕೊನೆಯಲ್ಲಿ ಬೇರೆ ಸಾಲಲ್ಲಿ ಇಡಿ. ಜನರ ಹೆಸರಿಗೂ ಹಾಗೇ, ಟ್ಯಾಗ್‌ಗೆ "ಗೆ", "ಯ" ಅಂಟಿಸದೆ ಒಂದು ಜಾಗ ಬಿಟ್ಟು "ಅವರಿಗೆ", "ಅವರ" ಅಂತ ಬರೆದರೆ ಸರಾಗ. ಫೇಸ್‌ಬುಕ್‌ನಲ್ಲಿ ಹೆಸರು ಉದ್ದ ಅನಿಸಿದರೆ ಬ್ಯಾಕ್‌ಸ್ಪೇಸ್ ಒತ್ತಿ ಹೆಸರಿನ ಒಂದು ಭಾಗ ಕಳೆಯಬಹುದು, ಲಿಂಕ್ ಉಳಿಯುತ್ತದೆ.

ಯಾವ ಹ್ಯಾಶ್‌ಟ್ಯಾಗ್ ಉಳಿಸಬೇಕು ಅಂತ ತಿಳಿಯಲು ಒಂದೊಂದನ್ನೂ ಹುಡುಕಿ ನೋಡಿದೆ. `#india`, `#love` ಒತ್ತಿ ತಾಳಮದ್ದಳೆ ಹುಡುಕುವವರು ಯಾರೂ ಇಲ್ಲ. `#puttur` ಹಾಕಿದರೆ ಆಂಧ್ರದ ಪುತ್ತೂರೂ ಸೇರಿಕೊಳ್ಳುತ್ತದೆ, ಮೂಳೆ ಮುರಿದರೆ ಕಟ್ಟು ಹಾಕುತ್ತಾರಲ್ಲ, ಆ ಊರು. ಕನ್ನಡದಲ್ಲಿ #ಪುತ್ತೂರು ಅಂದರೆ ಆ ಗೊಂದಲ ಬಹುಮಟ್ಟಿಗೆ ಇಲ್ಲ. #ತಾಳಮದ್ದಳೆ ಬೇಕೇ ಬೇಕು. ಇಂಗ್ಲಿಷ್ ಅಕ್ಷರದಲ್ಲಿ `talamaddale`, `taalamaddale` ಎರಡೂ ಚಾಲ್ತಿಯಲ್ಲಿವೆ. ಹುಡುಕಿದಾಗ ಯಾವುದರ ಕೆಳಗೆ ಇತ್ತೀಚಿನ ಕಾರ್ಯಕ್ರಮಗಳು ಬರುತ್ತವೋ ಅದೊಂದನ್ನು ಇಟ್ಟುಕೊಳ್ಳಿ, ಎರಡೂ ಬೇಡ. #ಯಕ್ಷಗಾನ ತೆಗೆಯಲು ಕಾರ್ಯದರ್ಶಿಗಳು ಒಪ್ಪಲಿಲ್ಲ. ತೆರೆಯುವ ಪೋಸ್ಟ್‌ಗಳಲ್ಲಿ ಬಯಲಾಟವೇ ಜಾಸ್ತಿ ಅಂತ ನನ್ನ ವಾದ. ಬಯಲಾಟ ನೋಡುವವರೇ ತಾಳಮದ್ದಳೆಗೂ ಬರುವುದು ಅಂತ ಅವರದ್ದು. ಅದೂ ಸರಿಯೇ. ಉಳಿಸಿದೆವು.

ಕೊನೆಗೆ ಪೋಸ್ಟ್ ಹೀಗಾಯಿತು (ಹೆಸರಿನ ಜಾಗದಲ್ಲಿ ಇಲ್ಲಿ ಬರೀ ಪಾತ್ರ ಬರೆದಿದ್ದೇನೆ):

> ತಾಳಮದ್ದಳೆ: ವಾಲಿ ಮೋಕ್ಷ. ಭಾನುವಾರ ಸಂಜೆ 5ಕ್ಕೆ, ಶಾಲೆಯ ಸಭಾಭವನದಲ್ಲಿ. ರಾತ್ರಿ ಊಟ ಇದೆ.
>
> ಭಾಗವತಿಕೆ: @ಭಾಗವತರು. ಮದ್ದಳೆ: @ಮದ್ದಳೆಯವರು. ಚೆಂಡೆ: ಚೆಂಡೆಯವರು.
>
> ಅರ್ಥ: ವಾಲಿ @ಒಬ್ಬರು, ಸುಗ್ರೀವ @ಇನ್ನೊಬ್ಬರು, ರಾಮ @ಮತ್ತೊಬ್ಬರು.
>
> ಊಟದ ವ್ಯವಸ್ಥೆಗೆ ನೆರವಾದವರು: (ದಾನಿಗಳ ಹೆಸರು). ಆಯೋಜನೆ: @ಸಂಘದ ಪೇಜ್, ಸರ್ವ ಸದಸ್ಯರು.
>
> #ತಾಳಮದ್ದಳೆ #ಯಕ್ಷಗಾನ #ಪುತ್ತೂರು #talamaddale

ಮೊದಲ ಸಾಲಲ್ಲೇ ಪ್ರಸಂಗ, ದಿನ, ಜಾಗ ಬಂದದ್ದರಿಂದ ಮಡಚಿಕೊಂಡರೂ ಮುಖ್ಯವಾದದ್ದು ಕಾಣುತ್ತದೆ. ನೀಲಿ ಹೆಸರು ಆರು, ಐದು ಕಲಾವಿದರದ್ದು, ಒಂದು ಸಂಘದ್ದು. ಹಾಕಿದ ಸಂಜೆಯೇ ಸಮಿತಿಯ ಹಿರಿಯರೊಬ್ಬರ ಫೋನ್: "ಎಂಥದು ಮಾರಾಯ, ಈ ಸಲ ನನಗೆ ನೋಟಿಫಿಕೇಶನ್ನೇ ಬರಲಿಲ್ಲ?" ಕಾರ್ಯಕ್ರಮ ಮುಗಿದ ಮೇಲೆ ಹಾಕುವ ಗ್ರೂಪ್ ಫೋಟೊದಲ್ಲಿ ನಿಂತವರನ್ನೆಲ್ಲ ಟ್ಯಾಗ್ ಮಾಡುತ್ತೇವೆ ಅಂದೆ. ಅಲ್ಲಿ ಅದು ಸರಿಯೇ. ಫೋಟೊ ಅವರದ್ದು, ಅವರ ಮನೆಯವರು ನೋಡಬೇಕು.

ಇದನ್ನೇ ವಾಟ್ಸಾಪ್‌ಗೆ ಕಾಪಿ ಮಾಡುವಾಗ ಒಂದು ನೆನಪಿಡಿ: ಟ್ಯಾಗ್‌ಗಳು ಅಲ್ಲಿ ಬರೀ ಅಕ್ಷರವಾಗಿ ಬೀಳುತ್ತವೆ, ಕೆಲವರ ಹೆಸರು ಖಾತೆಯಲ್ಲಿರುವಂತೆ ಇಂಗ್ಲಿಷಿನಲ್ಲೇ. ಅದನ್ನು ಕನ್ನಡಕ್ಕೆ ಬದಲಿಸಿ, ಹ್ಯಾಶ್ ಸಾಲು ಪೂರ್ತಿ ಅಳಿಸಿ, ಆ ಜಾಗದಲ್ಲಿ ದಾರಿ ಕೇಳಲು ಒಂದು ಫೋನ್ ನಂಬರ್ ಹಾಕಿ.