ಸವಕಳಿ ಸಾಲು ಬದಲಿಸಿದಾಗ ಎನ್‌ಪಿವಿ ಮೈನಸ್ ಆಯಿತು

10 ಲಕ್ಷದ ಯಂತ್ರ, 5 ವರ್ಷದ ಪ್ರಾಜೆಕ್ಟ್, ತೆರಿಗೆ 25%, ಡಿಸ್ಕೌಂಟ್ ದರ 12%. ನನ್ನ ಶೀಟ್‌ನಲ್ಲಿ ಎನ್‌ಪಿವಿ, ಅಂದರೆ ನಿವ್ವಳ ಇಂದಿನ ಮೌಲ್ಯ, ಪ್ಲಸ್ 30,000 ಬಂದಿತ್ತು. ಖುಷಿಯಾಗಿದ್ದೆ.

ತಪ್ಪು ಸವಕಳಿ ಸಾಲಿನಲ್ಲಿತ್ತು. ಕಂಪನಿಯ ಪುಸ್ತಕದಲ್ಲಿದ್ದ ಸ್ಟ್ರೇಟ್ ಲೈನ್ ಲೆಕ್ಕವನ್ನೇ, ಅಂದರೆ ವರ್ಷಕ್ಕೆ 2 ಲಕ್ಷ, ತೆರಿಗೆಗೂ ಸುಮ್ನೆ ಹಾಕಿದ್ದೆ. ಆದರೆ ನಮ್ಮ ಆದಾಯ ತೆರಿಗೆ ನಿಯಮದಲ್ಲಿ ಸಾಮಾನ್ಯ ಯಂತ್ರಕ್ಕೆ ಡಬ್ಲ್ಯುಡಿವಿ 15%. ಉಳಿದ ಮೌಲ್ಯದ ಮೇಲೆ ಪ್ರತಿ ವರ್ಷ 15%.

ಮೊದಲ ವರ್ಷ ಉಳಿಯುವ ತೆರಿಗೆ 50,000 ಅಲ್ಲ, 37,500. ಎರಡನೇ ವರ್ಷ 31,875. 5 ವರ್ಷ ಮುಗಿದರೂ ಸುಮಾರು 4.44 ಲಕ್ಷ ಕಳೆಯದೇ ಉಳಿಯುತ್ತದೆ. ಯಂತ್ರ ಗುಜರಿಗೆ ಹೋಗಿ ಏನೂ ಸಿಗದಿದ್ದರೂ, ಬ್ಲಾಕ್‌ನಲ್ಲಿ, ಅಂದರೆ ಒಂದೇ ಸವಕಳಿ ದರದ ಆಸ್ತಿಗಳ ಗುಂಪಿನಲ್ಲಿ, ಬೇರೆ ಯಂತ್ರಗಳಿದ್ದರೆ ಈ ಮೊತ್ತ ಮುಂದೆಯೂ ನಿಧಾನವಾಗಿ ಕರಗುತ್ತಿರುತ್ತದೆ. ಒಟ್ಟು ಉಳಿತಾಯ ಎರಡರಲ್ಲೂ 2.5 ಲಕ್ಷವೇ. ಬರುವ ಸಮಯ ಮಾತ್ರ ಬೇರೆ.

ಇಂದಿನ ಮೌಲ್ಯ ನೋಡಿ. 12% ದರದಲ್ಲಿ 5 ವರ್ಷದ ಗುಣಕ 3.6048, ಹಾಗಾಗಿ ಸ್ಟ್ರೇಟ್ ಲೈನ್‌ಗೆ 50,000 × 3.6048, ಸುಮಾರು 1,80,240. ಡಬ್ಲ್ಯುಡಿವಿಗೆ ಬಾಲ ಉದ್ದವಿರುವುದರಿಂದ ಈ ಅಡ್ಡದಾರಿ ಹಿಡಿದೆ: 2,50,000 × 15 ÷ (15 + 12), ಅಂದರೆ 1,38,889. ವ್ಯತ್ಯಾಸ 41,351. ನನ್ನ ಎನ್‌ಪಿವಿ ಮೈನಸ್ 11,351ಕ್ಕೆ ಇಳಿಯಿತು!

‘ಡಬ್ಲ್ಯುಡಿವಿಯಲ್ಲಿ ಮೊದಲೇ ಜಾಸ್ತಿ ಸಿಗುತ್ತೆ, ಅಲ್ವಾ?’ ಎಂದು ಸಹೋದ್ಯೋಗಿ ಕೇಳಿದರು. ದರ ನೋಡಬೇಕು. ಕಂಪ್ಯೂಟರ್‌ಗೆ 40% ಇದೆ, ಅದೇ ಲೆಕ್ಕದಲ್ಲಿ 1,92,308 ಬರುತ್ತದೆ, ಸ್ಟ್ರೇಟ್ ಲೈನ್‌ಗಿಂತ ಜಾಸ್ತಿ. ಬ್ಲಾಕ್ ಪೂರ್ತಿ ಖಾಲಿಯಾದರೆ ಈ ಅಡ್ಡದಾರಿ ನಡೆಯುವುದಿಲ್ಲ. ಉಳಿದದ್ದು ಅಲ್ಪಾವಧಿ ಬಂಡವಾಳ ನಷ್ಟವಾಗುತ್ತದೆ, ಅದನ್ನು ಬಂಡವಾಳ ಲಾಭದ ಎದುರು ಮಾತ್ರ ಕಳೆಯಬಹುದು.