ಕೃಷಿಯೋ ಕ್ರುಷಿಯೋ? ಕಿವಿ ನಂಬಬೇಡಿ

ಕಾಫಿ ಕೊಯ್ಲು ಶುರುವಾಯ್ತು ಅಂದ್ರೆ ನಮ್ಮ ಗುಂಪಿನಲ್ಲಿ 'ಕ್ರುಷಿ ಸಲಹೆ', 'ಕ್ರಷಿ ಹೊಂಡ' ಅಂತ ಪೋಸ್ಟ್‌ಗಳು ಬರ್ತಾನೇ ಇರುತ್ತವೆ. ಮಡಿಕೇರಿ ಕಡೆಯವರಾಗಲಿ ಗೋಣಿಕೊಪ್ಪದವರಾಗಲಿ, ನಾವೆಲ್ಲ ಋ ಅನ್ನೋದನ್ನ ರು ಅಂತಲೇ ಹೇಳೋದು. ಹಾಗಾಗಿ ಕೇಳಿಸಿಕೊಂಡು ಬರೆದರೆ ತಪ್ಪಾಗುತ್ತೆ.

ಒಂದು ಸುಲಭ ಪರೀಕ್ಷೆ ಇದೆ. ಆ ಪದದ ನೆಂಟ ಪದ ಹುಡುಕಿ. ಅದರಲ್ಲಿ 'ಅರ್' ಅಥವಾ 'ಆರ್' ಕೇಳಿಸಿದರೆ ಇಲ್ಲಿ ಋ, ಅಂದರೆ ಅಕ್ಷರದ ಕೆಳಗೆ ವಟ್ರಸುಳಿ. ಕೃಷಿಗೆ ಕರ್ಷಕ, ದೃಷ್ಟಿಗೆ ದರ್ಶನ, ವೃದ್ಧಿಗೆ ವರ್ಧನೆ, ಪೃಥ್ವಿಗೆ ಪಾರ್ಥಿವ. ಮಹಾ, ಋಷಿ ಸೇರಿದಾಗ ಮಹರ್ಷಿ ಆಗೋದೂ ಇದೇ ಲೆಕ್ಕದಲ್ಲಿ.

ಈಗ ಶ್ರುತಿ ತಗೊಳ್ಳಿ, ಜಾಸ್ತಿ ಜನ 'ಶೃತಿ' ಅಂತ ಬರೆಯೋ ಪದ ಇದು. ನೆಂಟ ಪದ ಶ್ರವಣ. ಇಲ್ಲಿ ರ ಮೊದಲು, ಆಮೇಲೆ ವ, 'ಅರ್' ಎಲ್ಲೂ ಇಲ್ಲ, ಹಾಗಾಗಿ ರ ಒತ್ತು ಕೊಟ್ಟು ಉಕಾರ ಹಾಕಬೇಕು. ದ್ರುತ, ದ್ರವ ಕೂಡ ಹೀಗೇ.

ಎಲ್ಲ ಪದಕ್ಕೂ ಇಂಥ ನೆಂಟರು ಸುಲಭವಾಗಿ ಸಿಗಲ್ಲ. ಮೃಗ, ಗೃಹ ಇವನ್ನ ಸುಮ್ನೆ ನೆನಪಿಟ್ಟುಕೊಳ್ಳಿ. ಗೃಹ ಮನೆ, ಗ್ರಹ ಶನಿ ಗುರು ಇತ್ಯಾದಿ, ಆದ್ದರಿಂದ ಆಮಂತ್ರಣ ಪತ್ರಿಕೆಯಲ್ಲಿ 'ಗ್ರಹಪ್ರವೇಶ' ಅಂತ ಅಚ್ಚಾಗದ ಹಾಗೆ ನೋಡಿಕೊಳ್ಳಿ! ರುಬ್ಬು, ರುಮಾಲು ಥರದ ದಿನಬಳಕೆ ಪದಗಳಿಗೆ ಈ ತಲೆನೋವೇ ಇಲ್ಲ, ಅಲ್ಲಿ ಬರೀ ರು.

ಮೊಬೈಲ್‌ನ ಕನ್ನಡ ಕೀಲಿಮಣೆಯಲ್ಲಿ ಕ ಒತ್ತಿ, ಆಮೇಲೆ ೃ ಒತ್ತಿ. ಅರ್ಧಾಕ್ಷರ ಮಾಡಿ ರು ಸೇರಿಸಿದರೆ ಬರೋದು ಕ್ರು.